ಬಜ್ಜಿ ತಟ್ಟೆಯ ಪಕ್ಕ ಯಾವ ಗ್ಲಾಸು?

ಖಾರದ ತಿಂಡಿಗೆ ಸ್ಟ್ರಾಂಗ್ ಬಿಯರೇ ಸರಿ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಮಿರ್ಚಿ ಬಜ್ಜಿ ಖಾರ, ಗೋಬಿ ಮಂಚೂರಿ ಖಾರ, ಕಬಾಬ್ ಖಾರ. ಇಷ್ಟು ಖಾರವನ್ನು ತಡೆಯಲು ಗ್ಲಾಸಿನಲ್ಲಿರುವುದೂ ಜೋರಾಗಿರಬೇಕು ಎಂಬುದು ಲೆಕ್ಕಾಚಾರ. ನಾಲಿಗೆಯ ಮೇಲೆ ನಡೆಯುವುದು ಇದಕ್ಕೆ ತದ್ವಿರುದ್ಧ. ಆಲ್ಕೋಹಾಲ್ ಏರಿದಷ್ಟೂ ಮೆಣಸಿನಕಾಯಿಯ ಉರಿ ಏರುತ್ತದೆ. ಉರಿ ತಾಳಲಾರದೆ ಇನ್ನೊಂದು ಗುಟುಕು ಕುಡಿಯುತ್ತೇವೆ, ಉರಿ ಮತ್ತಷ್ಟು ಹೆಚ್ಚುತ್ತದೆ. ತಿಂಡಿಯ ರುಚಿಯೂ ತಿಳಿಯುವುದಿಲ್ಲ, ಪಾನೀಯದ ರುಚಿಯೂ ತಿಳಿಯುವುದಿಲ್ಲ. ಕೊನೆಗೆ ಉಳಿಯುವುದು ಬೆವರು ಮತ್ತು ತಲೆಭಾರ.

ಕುಡಿಯುವವರು ಹೇಗೂ ಕುಡಿಯುತ್ತಾರೆ, ಅದರಲ್ಲಿ ಹೊಂದಿಕೆಯ ಮಾತೇನು ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಸರಳ: ಹೊಂದಿಸಿ ಕುಡಿದರೆ ಕಡಿಮೆ ಕುಡಿದೇ ಹೆಚ್ಚು ಸವಿಯಬಹುದು. ಅದಕ್ಕೆ ದುಬಾರಿ ಬಾಟಲಿ ಬೇಕಿಲ್ಲ, ವಿದೇಶಿ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ತಟ್ಟೆಯಲ್ಲಿರುವುದು ಎಣ್ಣೆಯ ತೊಂದರೆಯೋ ಖಾರದ ತೊಂದರೆಯೋ ಎಂದು ಮೊದಲು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಇವೆರಡಕ್ಕೂ ಮದ್ದು ಬೇರೆ ಬೇರೆ.

ಖಾರವೆಂಬುದು ರುಚಿಯಲ್ಲ, ಉರಿ

ಮೆಣಸಿನಕಾಯಿಯ ಖಾರಕ್ಕೆ ಕಾರಣ ಅದರಲ್ಲಿರುವ ಕ್ಯಾಪ್ಸೈಸಿನ್. ಉಪ್ಪು, ಸಿಹಿ, ಹುಳಿಗಳನ್ನು ಹಿಡಿಯುವ ರುಚಿಮೊಗ್ಗುಗಳಿಗೂ ಇದಕ್ಕೂ ಸಂಬಂಧವಿಲ್ಲ. ಬಿಸಿ ತಗುಲಿದಾಗ ಮೆದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳಿವೆಯಲ್ಲ, ಕ್ಯಾಪ್ಸೈಸಿನ್ ಹೋಗಿ ಅಂಟುವುದು ಅವುಗಳ ಮೇಲಿನ ಒಂದು ಗ್ರಾಹಕಕ್ಕೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಈ ಗ್ರಾಹಕವನ್ನು ಗುರುತಿಸಿದ್ದು 1997ರಲ್ಲಿ. ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಈ ಗ್ರಾಹಕ ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಉಷ್ಣತೆ ಸುಮಾರು 42 ಡಿಗ್ರಿ ಸೆಲ್ಸಿಯಸ್ ದಾಟಿದಾಗ. ಕ್ಯಾಪ್ಸೈಸಿನ್ ಅಂಟಿಕೊಂಡರೆ ಬಿಸಿ ಇಲ್ಲದೆಯೂ ಅದು ಎಚ್ಚರಗೊಂಡು 'ಸುಡುತ್ತಿದೆ' ಎಂದು ಕೂಗುತ್ತದೆ.

ಇದೇ ಗ್ರಾಹಕವನ್ನು ಆಲ್ಕೋಹಾಲ್ ಕೂಡ ಕೆಣಕುತ್ತದೆ. ಆಲ್ಕೋಹಾಲ್ ಇದ್ದಾಗ ಅದು ಎಚ್ಚರಗೊಳ್ಳುವ ಮಟ್ಟ ಸುಮಾರು 34 ಡಿಗ್ರಿಗೆ ಇಳಿಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ನಮ್ಮ ಮೈಯ ಬಿಸಿಯೇ 37 ಡಿಗ್ರಿ. ಗಾಯಕ್ಕೆ ಸ್ಪಿರಿಟ್ ಹಚ್ಚಿದರೆ ಚುರುಚುರು ಎನ್ನುವುದು, ವಿಸ್ಕಿ ಗಂಟಲಲ್ಲಿ ಉರಿಯುತ್ತಾ ಇಳಿಯುವುದು ಈ ಕಾರಣಕ್ಕೇ. ಮೆಣಸಿನಕಾಯಿ ಆಗಲೇ ಕೆರಳಿಸಿಟ್ಟ ನರದ ಮೇಲೆ 8 ಪ್ರತಿಶತದ ಬಿಯರನ್ನೋ 14 ಪ್ರತಿಶತದ ರೆಡ್ ವೈನನ್ನೋ ಸುರಿದರೆ ಆಗುವುದೇನೆಂದು ಊಹಿಸುವುದು ಕಷ್ಟವಲ್ಲ.

ಕ್ಯಾಪ್ಸೈಸಿನ್ ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಾಗಾಗಿ ಬಿಯರ್ ಖಾರವನ್ನು ತೊಳೆಯುತ್ತದೆ ಎಂಬ ವಾದವೂ ಕೇಳಿಬರುತ್ತದೆ. ಕರಗುವುದು ನಿಜ. ಆದರೆ 5 ಪ್ರತಿಶತದ ಬಿಯರಿನಲ್ಲಿ ಉಳಿದ ಬಹುಪಾಲು ನೀರು, ನೀರಿನಲ್ಲಿ ಕ್ಯಾಪ್ಸೈಸಿನ್ ಕರಗುವುದಿಲ್ಲ. ಬಿಯರ್ ಬಾಯಲ್ಲಿರುವಷ್ಟು ಹೊತ್ತು ಹಾಯೆನಿಸುವುದು ಅದರ ತಂಪಿನಿಂದ. ಗುಟುಕು ಇಳಿದ ಸ್ವಲ್ಪ ಹೊತ್ತಿಗೆ ಉರಿ ಮರಳಿ ಬರುತ್ತದೆ. ನಿಜವಾಗಿ ಖಾರವನ್ನು ಹಿಡಿದಿಟ್ಟುಕೊಳ್ಳುವುದು ಹಾಲು ಮೊಸರಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು. ತೀರಾ ಖಾರವೆನಿಸಿದರೆ ಒಂದು ಚಮಚ ಮೊಸರು ಮಾಡುವ ಕೆಲಸವನ್ನು ಇಡೀ ಬಾಟಲಿ ಬಿಯರ್ ಮಾಡಲಾರದು.

ಖಾರಕ್ಕೆ ಗ್ಲಾಸಿನಿಂದ ನಿರೀಕ್ಷಿಸಬಹುದಾದದ್ದು ಇಷ್ಟು: ಆಲ್ಕೋಹಾಲ್ ಕಡಿಮೆ ಇರಲಿ, ಕಹಿ ಮತ್ತು ಒಗರು ಕಡಿಮೆ ಇರಲಿ, ತುಸು ಸಿಹಿ ಇರಲಿ, ತಣ್ಣಗಿರಲಿ. ಸಿಹಿ ಉರಿಯನ್ನು ತಗ್ಗಿಸುತ್ತದೆ, ಕಹಿ ಮತ್ತು ಒಗರು ಅದನ್ನು ಒರಟಾಗಿಸುತ್ತವೆ.

ಎಣ್ಣೆಗೆ ಬೇಕಾದದ್ದು ಗುಳ್ಳೆ ಮತ್ತು ಹುಳಿ

ಕರಿದ ತಿಂಡಿಯ ತೊಂದರೆ ಬೇರೆ. ಮೂರನೆಯ ಬಜ್ಜಿಯ ಹೊತ್ತಿಗೆ ಎಣ್ಣೆ ನಾಲಿಗೆಗೆ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಮೊದಲ ಬಜ್ಜಿಯಲ್ಲಿ ಸಿಕ್ಕ ಕಡಲೆಹಿಟ್ಟಿನ ಘಮ, ಓಂಕಾಳಿನ ಚುರುಕು ಆಮೇಲೆ ಸಿಗುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಗುಳ್ಳೆ ಮತ್ತು ಹುಳಿ. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಗುಳ್ಳೆಗಳು ನಾಲಿಗೆಯನ್ನು ಉಜ್ಜಿದಂತೆ ಚುರುಕಾಗಿಸುತ್ತವೆ. ಮುಂದಿನ ತುತ್ತು ಮತ್ತೆ ಮೊದಲ ತುತ್ತಿನಂತಿರುತ್ತದೆ. ಬಿಯರ್ ಕುಡಿಯದವರು ಬಜ್ಜಿಗೆ ನಿಂಬೆ ಸೋಡಾ ಬೇಡುವುದರ ಹಿಂದೆಯೂ ಇದೇ ಕಾರಣ.

ಖಾರವಿಲ್ಲದ, ಬರೀ ಕರಿದ ಉಪ್ಪು ತಿಂಡಿಗೆ ಸ್ವಲ್ಪ ಕಹಿಯೂ ಒಗ್ಗುತ್ತದೆ. ಉಪ್ಪು ಕಹಿಯನ್ನು ಮರೆಮಾಡುತ್ತದೆ. ಚಕ್ಕುಲಿ, ಕೋಡುಬಳೆ, ಕಾಂಗ್ರೆಸ್ ಕಡಲೆಬೀಜ, ಹೀರೇಕಾಯಿ ಬಜ್ಜಿಯ ಜೊತೆ ಹಾಪ್ಸ್ ಹೂವಿನ ಕಹಿ ಮುಂದಿರುವ ಪೇಲ್ ಏಲ್ ಕೂಡ ಮೃದುವಾಗಿ ಕೇಳಿಸುತ್ತದೆ. ಅದೇ ಪೇಲ್ ಏಲನ್ನು ಮಿರ್ಚಿಯ ಜೊತೆ ಕುಡಿದರೆ ಕಹಿ ಮತ್ತು ಉರಿ ಒಂದನ್ನೊಂದು ಎತ್ತಿಕಟ್ಟುತ್ತವೆ. ಐಪಿಎ ಎಂದು ಕರೆಯುವ ಇನ್ನೂ ಕಹಿಯಾದ ಬಿಯರಿನಲ್ಲಿ ಆಲ್ಕೋಹಾಲೂ ಸಾಮಾನ್ಯವಾಗಿ ಹೆಚ್ಚು, ಆದ್ದರಿಂದ ಖಾರದ ತಿಂಡಿಗೆ ಅದು ಎರಡು ಪಟ್ಟು ತಪ್ಪು ಆಯ್ಕೆ.

ಗುಳ್ಳೆಗೂ ಒಂದು ಮಿತಿಯಿದೆ. ಗುಳ್ಳೆಯ ಇಂಗಾಲದ ಡೈಆಕ್ಸೈಡ್ ಬಾಯಲ್ಲಿ ಆಮ್ಲವಾಗಿ ಮಾರ್ಪಟ್ಟು ನಾಲಿಗೆಯನ್ನು ಚುಚ್ಚುತ್ತದೆ. ಎಣ್ಣೆ ಮೆತ್ತಿದ ನಾಲಿಗೆಗೆ ಅದು ಸುಖ, ಆಗಲೇ ಉರಿಯುತ್ತಿರುವ ನಾಲಿಗೆಗೆ ಹಿಂಸೆ. ಹುಳಿಯ ಕಥೆಯೂ ಇದೇ. ಎಣ್ಣೆಯೂ ಖಾರವೂ ಒಟ್ಟಿಗಿರುವ ತಿಂಡಿಗೆ ಇವೆರಡೂ ಬೇಕು, ಆದರೆ ಹದವಾಗಿ ಬೇಕು.

ಮಿರ್ಚಿ ಬಜ್ಜಿಯ ಪರೀಕ್ಷೆ

ಎಣ್ಣೆಯೂ ಖಾರವೂ ಕೂಡಿದ ತಿಂಡಿ ಎಂದರೆ ಮಿರ್ಚಿ ಬಜ್ಜಿ. ಹುಬ್ಬಳ್ಳಿ ಧಾರವಾಡದ ಕಡೆ ಗಿರ್ಮಿಟ್ ಜೊತೆ ಕೊಡುವ ಮಿರ್ಚಿಯೂ, ಬೆಂಗಳೂರಿನ ಗಾಡಿಯಲ್ಲಿ ಸೀಳಿ ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆರಸ ತುಂಬಿ ಕೊಡುವ ಮಸಾಲೆ ಬಜ್ಜಿಯೂ ಒಂದೇ ಅಲ್ಲ. ಉದ್ದನೆಯ, ದಪ್ಪ ತಿರುಳಿನ, ತಿಳಿ ಹಸಿರು ಬಜ್ಜಿ ಮೆಣಸಿನಕಾಯಿ ಸಾಮಾನ್ಯವಾಗಿ ಸೌಮ್ಯ. ತೆಳು ಸಿಪ್ಪೆಯ ಗಾಢ ಹಸಿರು ಕಾಯಿಯಾದರೆ ಕಣ್ಣಲ್ಲಿ ನೀರು ಬರಿಸುತ್ತದೆ. ಆದ್ದರಿಂದ ಒಂದು ತುಣುಕು ತಿಂದು, ಅರ್ಧ ನಿಮಿಷ ಕಾದು, ಆಮೇಲೆ ಗ್ಲಾಸು ಎತ್ತಿಕೊಳ್ಳಿ. ಖಾರ ತಡವಾಗಿ ಏರುವ ಸ್ವಭಾವದ್ದು. ತಿಂದ ತಕ್ಷಣ ಕುಡಿದು 'ಹೊಂದುತ್ತದೆ' ಎಂದು ತೀರ್ಮಾನಿಸಿದರೆ ಮೋಸಹೋಗುತ್ತೀರಿ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಾನೀಯಗಳನ್ನು ಈ ಬಜ್ಜಿಯ ಪಕ್ಕ ಒಂದೊಂದಾಗಿ ಇಟ್ಟು ನೋಡೋಣ.

ಮೊದಲನೆಯದು ಸುಮಾರು 5 ಪ್ರತಿಶತದ ಸಾಮಾನ್ಯ ಲಾಗರ್, ಬಾರಿನಲ್ಲಿ 'ಮೈಲ್ಡ್' ಎಂದು ಕೇಳಿದರೆ ಕೊಡುವುದು. ಕಹಿ ಅಲ್ಪ, ಗುಳ್ಳೆ ಚೆನ್ನಾಗಿರುತ್ತದೆ, ತಣ್ಣಗೆ ಇಳಿಯುತ್ತದೆ. ಎಣ್ಣೆಯನ್ನು ತೊಳೆಯುತ್ತದೆ, ಖಾರವನ್ನು ಹೆಚ್ಚು ಕೆಣಕುವುದಿಲ್ಲ. ತನ್ನದೇ ಆದ ಘಮವನ್ನೇನೂ ಸೇರಿಸುವುದಿಲ್ಲ, ಆದರೆ ಕೆಡಿಸುವುದೂ ಇಲ್ಲ. ಯಾವುದೂ ತೋಚದಿದ್ದಾಗ ಇದನ್ನು ಆರಿಸಿದರೆ ನಷ್ಟವಿಲ್ಲ.

ಎರಡನೆಯದು ಸ್ಟ್ರಾಂಗ್. ಲೇಬಲಿನಲ್ಲಿ ಆಲ್ಕೋಹಾಲ್ ಪ್ರಮಾಣ 8 ಪ್ರತಿಶತ ಮೀರದು ಎಂದೋ ಅದಕ್ಕೆ ಹತ್ತಿರದ ಅಂಕಿಯೋ ಇರುತ್ತದೆ. ಮೊದಲ ಗುಟುಕಿನಲ್ಲಿ ಸಿಹಿ ಸುಳಿಯುವುದರಿಂದ ಹೊಂದಿದಂತೆ ಕಾಣುತ್ತದೆ. ಬಜ್ಜಿಯ ಖಾರ ಏರುವ ಹೊತ್ತಿಗೆ ಆಲ್ಕೋಹಾಲಿನ ಬಿಸಿಯೂ ಗಂಟಲಿಗೆ ಬರುತ್ತದೆ, ಎರಡೂ ಒಂದಾಗುತ್ತವೆ. ಲೆಕ್ಕವನ್ನೂ ನೋಡಿ: 650 ಮಿಲಿಯ 5 ಪ್ರತಿಶತದ ಬಾಟಲಿಯಲ್ಲಿ ಸುಮಾರು 32 ಮಿಲಿ ಶುದ್ಧ ಆಲ್ಕೋಹಾಲ್ ಇದ್ದರೆ, 8 ಪ್ರತಿಶತದ್ದರಲ್ಲಿ 52 ಮಿಲಿ. ಖಾರಕ್ಕೆ ದಾಹ ಹೆಚ್ಚಾಗಿ ಬೇಗ ಬೇಗ ಕುಡಿಯುವಾಗ ಈ ವ್ಯತ್ಯಾಸ ಚಿಕ್ಕದಲ್ಲ.

ಮೂರನೆಯದು ಗೋಧಿ ಬಿಯರ್. ಮಿರ್ಚಿ ಬಜ್ಜಿಗೆ ನನ್ನ ಮೊದಲ ಆಯ್ಕೆ ಇದು. ಜರ್ಮನಿಯ ಬವೇರಿಯಾ ಪ್ರಾಂತ್ಯದ ಹೆಫೆವೈಸನ್ ಎಂಬ ಬಗೆಯಲ್ಲಿ ಬಾರ್ಲಿಯ ಜೊತೆ ಅರ್ಧಕ್ಕೂ ಹೆಚ್ಚು ಗೋಧಿ ಇರುತ್ತದೆ. ಅದರ ಯೀಸ್ಟ್ ಹುದುಗುವಾಗಲೇ ಬಾಳೆಹಣ್ಣಿನ ಮತ್ತು ಲವಂಗದ ಪರಿಮಳ ಹುಟ್ಟಿಸುತ್ತದೆ, ಹೊರಗಿನಿಂದ ಏನನ್ನೂ ಸೇರಿಸಿರುವುದಿಲ್ಲ. ಕಹಿ ಬಹಳ ಕಡಿಮೆ, ಗುಳ್ಳೆ ಹೇರಳ, ಆಲ್ಕೋಹಾಲ್ 5 ಪ್ರತಿಶತದ ಆಸುಪಾಸು. ಗೋಧಿಯಿಂದ ಬರುವ ಮೆತ್ತನೆಯ ಗುಣ ಉರಿಯನ್ನು ಸಮಾಧಾನಪಡಿಸುತ್ತದೆ, ಲವಂಗದ ಘಮ ಹಿಟ್ಟಿನೊಳಗಿನ ಓಂಕಾಳಿನ ಜೊತೆ ಸೇರಿಕೊಳ್ಳುತ್ತದೆ. ಇದಕ್ಕೆ ದಾಯಾದಿಯಂತಿರುವ ಬೆಲ್ಜಿಯಂನ ವಿಟ್‌ಬಿಯರಿಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕುತ್ತಾರೆ. ನಿಂಬೆರಸ, ಕೊತ್ತಂಬರಿ ಸೊಪ್ಪು ಬಿದ್ದ ಮಸಾಲೆ ಬಜ್ಜಿಗೆ ಅದು ಇನ್ನೂ ಹತ್ತಿರ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಇವೆರಡರಲ್ಲಿ ಒಂದಾದರೂ ಇರದ ಪಟ್ಟಿ ಅಪರೂಪ. ಕ್ಯಾನಿನಲ್ಲೂ ಬಾಟಲಿಯಲ್ಲೂ ಈಗ ಸಿಗುತ್ತವೆ.

ನಾಲ್ಕನೆಯದು ತುಸು ಸಿಹಿ ಉಳಿಸಿದ ಬಿಳಿ ವೈನ್. ನಮ್ಮ ದೇಶದಲ್ಲಿ ಚೆನಿನ್ ಬ್ಲಾಂಕ್ ದ್ರಾಕ್ಷಿಯಿಂದ ಮಾಡಿದ ಇಂಥ ವೈನ್ ಸುಲಭವಾಗಿ ಸಿಗುತ್ತದೆ. ಹುಳಿ ಎಣ್ಣೆಯನ್ನು ತೆಗೆಯುತ್ತದೆ, ಸಿಹಿ ಖಾರವನ್ನು ತಗ್ಗಿಸುತ್ತದೆ. ಆಲ್ಕೋಹಾಲ್ ಸುಮಾರು 12 ಪ್ರತಿಶತ ಇರುವುದರಿಂದ ಚಿಕ್ಕ ಗುಟುಕುಗಳಲ್ಲಿ ಕುಡಿಯಬೇಕು. ಸೌಮ್ಯ ಬಜ್ಜಿಗೆ ಚೆನ್ನು, ತೀರಾ ಖಾರದ ಕಾಯಿಗೆ ಗೋಧಿ ಬಿಯರೇ ವಾಸಿ.

ಐದನೆಯದು ಶಿರಾಜ್ ಅಥವಾ ಕ್ಯಾಬರ್ನೆ ಸಾವಿನ್ಯಾನ್‌ನಂಥ ರೆಡ್ ವೈನ್. ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಇಳಿದ ಟ್ಯಾನಿನ್ ಬಾಯಿಗೆ ಒಗರು ಕೊಡುತ್ತದೆ. ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಅದು ಹಿಡಿದುಕೊಳ್ಳುವುದರಿಂದ ಬಾಯಿ ಒಣಗುತ್ತದೆ. ಖಾರ ತಿಂದ ಬಾಯಿಗೆ ಒಣಗುವುದಕ್ಕಿಂತ ಕೆಟ್ಟದ್ದಿಲ್ಲ. ಸಿಗುವುದು ಕಹಿ, ಬಿಸಿ, ಮರದ ರುಚಿ ಮಾತ್ರ, ಹಣ್ಣಿನ ರುಚಿ ಮಾಯ. ಒಳ್ಳೆಯ ವೈನನ್ನು ಕೆಟ್ಟದೆಂದು ಜನ ತೀರ್ಮಾನಿಸುವುದು ಬಹುಮಟ್ಟಿಗೆ ಇಂಥ ತಟ್ಟೆಗಳ ಮುಂದೆ. ಮನೆಯಲ್ಲಿ ರೆಡ್ ಮಾತ್ರ ಇದ್ದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಮಿರ್ಚಿಯನ್ನು ಬಿಟ್ಟು, ಖಾರ ಹೆಚ್ಚಿಲ್ಲದ ಕಬಾಬಿನ ಜೊತೆ ಕುಡಿಯಿರಿ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಕಬಾಬು ಕಣ್ಣಿಗೆ ಕೆಂಪಾಗಿದ್ದರೂ ಅಷ್ಟು ಖಾರವಿರುವುದಿಲ್ಲ. ಬ್ಯಾಡಗಿಯ ಹೆಸರು ಬಣ್ಣಕ್ಕೆ, ಉರಿಗಲ್ಲ.

ಸಿಹಿ ಚಟ್ನಿ ಸೇರಿದರೆ ಲೆಕ್ಕ ಬದಲು

ಮಸಾಲ ಪುರಿ, ಸೇವ್ ಪುರಿಗಳಲ್ಲಿ ಕರಿದದ್ದು, ಖಾರ, ಹುಣಸೆಯ ಹುಳಿ, ಬೆಲ್ಲದ ಸಿಹಿ ನಾಲ್ಕೂ ಒಂದೇ ತಟ್ಟೆಯಲ್ಲಿರುತ್ತವೆ. ಇಲ್ಲಿ ವೈನಿನವರು ಪಾಲಿಸುವ ಎರಡು ಸೂತ್ರಗಳು ಕೆಲಸಕ್ಕೆ ಬರುತ್ತವೆ. ತಿಂಡಿಯ ಹುಳಿಗಿಂತ ವೈನಿನ ಹುಳಿ ಕಡಿಮೆಯಿದ್ದರೆ ವೈನ್ ಸಪ್ಪೆಯಾಗುತ್ತದೆ. ತಿಂಡಿಯ ಸಿಹಿಗಿಂತ ವೈನಿನ ಸಿಹಿ ಕಡಿಮೆಯಿದ್ದರೆ ವೈನ್ ಬರೀ ಹುಳಿಯೆನಿಸುತ್ತದೆ. ನಂದಿಬೆಟ್ಟದ ಕೆಳಗೆ ಬೆಳೆದ ಸಾವಿನ್ಯಾನ್ ಬ್ಲಾಂಕ್ ದ್ರಾಕ್ಷಿಯ ಒಣ ಬಿಳಿ ವೈನಿಗೆ ಹಸಿರು ವಾಸನೆ, ನಿಂಬೆಯಂಥ ಹುಳಿ ಇರುತ್ತದೆ. ಪುದೀನ ಕೊತ್ತಂಬರಿಯ ಹಸಿರು ಚಟ್ನಿ ಮುಂದಿರುವ ತಟ್ಟೆಗೆ ಅದು ಸೊಗಸು. ಅದರ ಮೇಲೆ ಸಿಹಿ ಚಟ್ನಿಯನ್ನು ಧಾರಾಳವಾಗಿ ಸುರಿದ ಕೂಡಲೇ ಅದೇ ವೈನ್ ಮುಖ ಹಿಂಡಿಸುವಷ್ಟು ಹುಳಿಯಾಗುತ್ತದೆ. ಆಗ ಚೆನಿನ್ ಬ್ಲಾಂಕಿನ ಅರೆಸಿಹಿ ಬಾಟಲಿಯನ್ನೋ ರೀಸ್ಲಿಂಗ್ ದ್ರಾಕ್ಷಿಯ ಸಿಹಿ ಉಳಿದ ವೈನನ್ನೋ ತೆರೆಯಬೇಕು. ಗಾಡಿಯವರಿಗೆ 'ಸಿಹಿ ಕಡಿಮೆ ಹಾಕಿ' ಎಂದರೂ ಸಾಕು, ಬಾಟಲಿ ಬದಲಿಸುವುದಕ್ಕಿಂತ ಅದು ಸುಲಭ.

ಗೋಬಿ ಮಂಚೂರಿಯೂ ಇದೇ ಗುಂಪಿನದು. ಸಾಸಿನಲ್ಲಿ ಸಿಹಿ, ಸೋಯಾದ ಉಪ್ಪು, ಬೆಳ್ಳುಳ್ಳಿ, ಹಸಿಮೆಣಸು ಸೇರಿರುತ್ತವೆ. ಡ್ರೈ ಗೋಬಿಗೆ ಲಾಗರ್ ಸಾಕು. ಗ್ರೇವಿ ಗೋಬಿಗೆ ಅರೆಸಿಹಿ ಬಿಳಿ ವೈನ್ ಅಥವಾ ತಣ್ಣಗಿನ ರೋಸೆ ವೈನ್ ಹೆಚ್ಚು ಚೆಂದ.

ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡುವ, 'ಪೋರ್ಟ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಸಿಹಿ ವೈನ್ ಹಲವರ ಮನೆಗಳಲ್ಲಿರುತ್ತದೆ. ಸಿಹಿಯಿದೆ, ಹಾಗಾದರೆ ಖಾರಕ್ಕೆ ಹೊಂದಬೇಕಲ್ಲ ಎನ್ನಿಸುವುದು ಸಹಜ. ಆದರೆ ಸಿಹಿ ಅತಿಯಾಗಿ ಎಣ್ಣೆಯ ಮೇಲೆ ಕೂತುಕೊಳ್ಳುತ್ತದೆ. ಬೇಕೆಂದರೆ ಒಂದು ಪಾಲು ಪೋರ್ಟಿಗೆ ಎರಡು ಪಾಲು ತಣ್ಣಗಿನ ಸೋಡಾ, ನಾಲ್ಕು ಹನಿ ನಿಂಬೆರಸ ಸೇರಿಸಿ. ಸಿಹಿಯೂ ಆಲ್ಕೋಹಾಲೂ ಮೂರನೇ ಒಂದಕ್ಕೆ ಇಳಿದು, ಗುಳ್ಳೆಯೂ ಹುಳಿಯೂ ಸಿಗುತ್ತವೆ.

ಒಂದು ಸಂಜೆಯ ಏರ್ಪಾಡು

ನಾಲ್ವರು ಸೇರುವ ಶನಿವಾರದ ಸಂಜೆಯನ್ನು ತೆಗೆದುಕೊಳ್ಳೋಣ. ಬೀದಿಬದಿಯಲ್ಲಿ ನಿಂತು ಕುಡಿಯುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ, ಆದ್ದರಿಂದ ತಿಂಡಿಯೇ ಮನೆಗೆ ಬರಬೇಕು. ತರುವುದು ಕಾಂಗ್ರೆಸ್ ಕಡಲೆಬೀಜ, ಎಂಟು ಮಿರ್ಚಿ ಬಜ್ಜಿ, ಒಂದು ಪ್ಲೇಟ್ ಡ್ರೈ ಗೋಬಿ, ಎರಡು ಪ್ಲೇಟ್ ಮಸಾಲ ಪುರಿ. ಬಾಟಲಿಗಳ ಪೈಕಿ 500 ಮಿಲಿಯ ನಾಲ್ಕು ಕ್ಯಾನ್ ಗೋಧಿ ಬಿಯರ್ ಮತ್ತು 750 ಮಿಲಿಯ ಒಂದು ಅರೆಸಿಹಿ ಚೆನಿನ್ ಬ್ಲಾಂಕ್ ಸಾಕು. ಆ ಒಂದು ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸು ಬರುತ್ತವೆ.

ಬಾಟಲಿಗಳನ್ನು ಮಧ್ಯಾಹ್ನವೇ ಫ್ರಿಜ್ಜಿಗಿಡಿ, ಸರಿಯಾಗಿ ತಣಿಯಲು ಮೂರು ನಾಲ್ಕು ಗಂಟೆ ಬೇಕು. ಮರೆತಿದ್ದರೆ ಬಕೆಟ್ಟಿನಲ್ಲಿ ಐಸು, ಐಸು ಮುಳುಗುವಷ್ಟು ನೀರು, ಒಂದು ಹಿಡಿ ಉಪ್ಪು ಹಾಕಿ ಅದರಲ್ಲಿ ನಿಲ್ಲಿಸಿ. ಇಪ್ಪತ್ತು ನಿಮಿಷಕ್ಕೆ ತಣ್ಣಗಾಗುತ್ತದೆ. ಬರೀ ಐಸಿನಲ್ಲಿ ಹುಗಿದರೆ ಇಷ್ಟು ಬೇಗ ಆಗದು, ಏಕೆಂದರೆ ಐಸಿನ ತುಂಡುಗಳ ನಡುವೆ ಗಾಳಿ ಇರುತ್ತದೆ. ಲಾಗರಿಗೆ 5 ಡಿಗ್ರಿ, ಗೋಧಿ ಬಿಯರಿಗೆ 7 ಡಿಗ್ರಿ, ಬಿಳಿ ವೈನಿಗೆ 8ರಿಂದ 10 ಡಿಗ್ರಿ ಹದ. ಫ್ರಿಜ್ಜಿನಿಂದ ತೆಗೆದ ಗೋಧಿ ಬಿಯರನ್ನು ಐದು ನಿಮಿಷ, ವೈನನ್ನು ಹತ್ತು ನಿಮಿಷ ಹೊರಗಿಟ್ಟರೆ ಆ ಹದ ಸಿಗುತ್ತದೆ. ಹೆಪ್ಪುಗಟ್ಟುವಷ್ಟು ತಣ್ಣಗಾದರೆ ಘಮವೇ ತಿಳಿಯದು, ಬೆಚ್ಚಗಾದರೆ ಆಲ್ಕೋಹಾಲ್ ಮುಂದೆ ಬಂದು ಖಾರ ಕೆರಳುತ್ತದೆ.

ಬಜ್ಜಿಯ ಪಾರ್ಸೆಲ್ ಕಟ್ಟನ್ನು ಬಿಗಿಯಾಗಿ ಮುಚ್ಚಿಸಿಕೊಳ್ಳಬೇಡಿ. ತನ್ನದೇ ಹಬೆಗೆ ಬಜ್ಜಿ ಮೆತ್ತಗಾಗಿ ಎಣ್ಣೆ ಮೇಲೆದ್ದರೆ ಯಾವ ಬಿಯರೂ ಅದನ್ನು ಉಳಿಸಲಾರದು. ಮನೆಗೆ ಬಂದ ಕೂಡಲೇ ಜಾಲರಿಯ ಮೇಲೆ ಹರಡಿ. ಮಸಾಲ ಪುರಿಯ ಗ್ರೇವಿ, ಪುರಿ, ಚಟ್ನಿಗಳನ್ನು ಬೇರೆ ಬೇರೆಯಾಗಿ ಕಟ್ಟಿಸಿಕೊಳ್ಳಿ, ಸಿಹಿ ಚಟ್ನಿ ಎಷ್ಟೆಂಬುದು ನಿಮ್ಮ ಕೈಯಲ್ಲಿರುತ್ತದೆ.

ಕ್ರಮವೂ ಮುಖ್ಯ. ಉಪ್ಪಿನದು ಮೊದಲು, ಖಾರದ್ದು ಆಮೇಲೆ. ಮೊದಲು ಖಾರ ತಿಂದರೆ ಉಳಿದದ್ದರ ಸೂಕ್ಷ್ಮ ನಾಲಿಗೆಗೆ ಸಿಗುವುದಿಲ್ಲ. ಕಡಲೆಬೀಜ ಮತ್ತು ಗೋಬಿಗೆ ಬಿಯರ್ ತೆರೆಯಿರಿ. ಗೋಧಿ ಬಿಯರಿನ ಕ್ಯಾನಿನಲ್ಲಿ ಕೊನೆಯ ಒಂದೆರಡು ಇಂಚು ಉಳಿದಾಗ ಮೆಲ್ಲಗೆ ಒಮ್ಮೆ ತಿರುಗಿಸಿ ಸುರಿದರೆ ತಳದ ಯೀಸ್ಟೂ ಗ್ಲಾಸಿಗೆ ಬರುತ್ತದೆ. ಅದರ ಘಮ ಅಲ್ಲಿಯೇ ಇರುವುದು. ಅದೇ ಬಿಯರನ್ನು ಬಜ್ಜಿಗೂ ಮುಂದುವರಿಸಿ, ಮಸಾಲ ಪುರಿಗೆ ವೈನ್ ಸುರಿಯಿರಿ. ಮೊದಲ ಗ್ಲಾಸು ವೈನನ್ನು ಚಟ್ನಿ ಹಾಕದ ತುತ್ತಿನ ಜೊತೆ, ಆಮೇಲೆ ಸಿಹಿ ಚಟ್ನಿ ಹಾಕಿದ ತುತ್ತಿನ ಜೊತೆ ಕುಡಿದು ನೋಡಿ. ಒಂದೇ ವೈನ್ ಎರಡು ಬಗೆಯಾಗುವುದನ್ನು ನಾಲಿಗೆಯೇ ತೋರಿಸಿಕೊಡುತ್ತದೆ, ಮುಂದಿನ ಸಲ ಅಂಗಡಿಯಲ್ಲಿ ಯಾರ ಸಲಹೆಯೂ ಬೇಕಾಗುವುದಿಲ್ಲ.

ಹೊಂದಿಕೆ ತಪ್ಪಿದೆ ಎಂದು ತಿಳಿಯುವುದು ಹೀಗೆ. ಕುಡಿದ ಮೇಲೆ ಖಾರ ಮೊದಲಿಗಿಂತ ಜೋರಾದರೆ ಆಲ್ಕೋಹಾಲ್ ಅಥವಾ ಕಹಿ ಹೆಚ್ಚಾಗಿದೆ. ಬಾಯಿ ಒಣಗಿದರೆ ಒಗರು ಹೆಚ್ಚಾಗಿದೆ. ಪಾನೀಯ ನೀರಿನಂತೆ ಸಪ್ಪೆಯೆನಿಸಿದರೆ ಹುಳಿ ಸಾಲದು. ನಾಲಿಗೆಯ ಮೇಲೆ ಜಿಡ್ಡು ಹಾಗೇ ಉಳಿದಿದ್ದರೆ ಗುಳ್ಳೆಯೂ ಹುಳಿಯೂ ಎರಡೂ ಸಾಲವು. ತೀರಾ ಖಾರದ ಕಾಯಿ ಸಿಕ್ಕಿದರೆ ಗ್ಲಾಸು ಕೆಳಗಿಟ್ಟು ಮೊಸರು ತಿನ್ನಿ. ಅಂಥ ಉರಿಗೆ ಹೊಂದುವ ಬಿಯರೂ ಇಲ್ಲ, ವೈನೂ ಇಲ್ಲ.

ಮೇಜಿನ ಮೇಲೆ ನೀರಿನ ಜಗ್ಗು ಇರಲಿ. ಖಾರ ಮತ್ತು ಉಪ್ಪು ಹುಟ್ಟಿಸುವ ದಾಹವನ್ನು ನೀರಿನಿಂದ ತೀರಿಸಿಕೊಂಡು, ಗ್ಲಾಸನ್ನು ರುಚಿಗೆಂದು ಎತ್ತಿಕೊಂಡರೆ ನಾಲ್ವರಿಗೆ ನಾಲ್ಕು ಕ್ಯಾನು, ಒಂದು ಬಾಟಲಿ ಧಾರಾಳವಾಗಿ ಸಾಲುತ್ತದೆ. ಗಾಡಿ ಓಡಿಸಿ ಮನೆಗೆ ಹೋಗಬೇಕಾದವರಿಗೆ ನಿಂಬೆ ಸೋಡಾ ಮಾಡಿಕೊಡಿ. ಎಣ್ಣೆಗೆ ಬೇಕಾದ ಗುಳ್ಳೆ ಮತ್ತು ಹುಳಿ ಎರಡೂ ಅದರಲ್ಲಿವೆ, ಒಂದು ಚಮಚ ಸಕ್ಕರೆ ಹಾಕಿದರೆ ಖಾರಕ್ಕೆ ಬೇಕಾದ ಸಿಹಿಯೂ ಸೇರುತ್ತದೆ. ಬಜ್ಜಿಯ ಮಟ್ಟಿಗೆ ಹೇಳುವುದಾದರೆ, ಸ್ಟ್ರಾಂಗ್ ಬಿಯರಿಗಿಂತ ಅದೇ ಒಳ್ಳೆಯ ಜೋಡಿ.